ಶೇಷಪ್ಪನ ಫೋನಿನಲ್ಲಿ ಓದುತ್ತಿದ್ದವರು

ಬುಧವಾರ ಬೆಳಗಿನಿಂದ ಸಂಜೆಯವರೆಗೆ ಶೇಷಪ್ಪ ಕೇಬಲ್ ಹಿಡಿದುಕೊಂಡೇ ಕೂತಿದ್ದ. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಕೇಬಲ್ಲಿನ ಒಂದು ತುದಿ ಫೋನಿಗೆ, ಇನ್ನೊಂದು ತುದಿ ಪುಸ್ತಕ ಓದುವ ಕಿಂಡಲ್ಲಿಗೆ. ಹೆಂಡತಿ ಹುಲಿಗೆಮ್ಮ ಅದನ್ನು ಸ್ಲೇಟು ಎಂದೇ ಕರೆಯುತ್ತಿದ್ದಳು. ನೋಡಲು ಸ್ಲೇಟಿನ ಹಾಗೇ ಇತ್ತು. ಬಣ್ಣವಿಲ್ಲ, ಹೊಳಪಿಲ್ಲ, ಬಿಸಿಲಲ್ಲಿ ಹಿಡಿದರೂ ಅಕ್ಷರ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಪೊರೆ ತೆಗೆಸಿದ ಮೇಲೆ ಶೇಷಪ್ಪನ ಕಣ್ಣಿಗೆ ಫೋನಿನ ಬೆಳಕು ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಆಗ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು ಅದು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು, ಕಾರ್ಖಾನೆ ಮುಚ್ಚಿದ ಮೇಲೆ ಕಾಗದವಿಲ್ಲದ ಪುಸ್ತಕ ಓದುತ್ತಾನೆ ಎಂದು ಹಳೇನಗರದವರು ನಗುತ್ತಿದ್ದರು.

ಆ ದಿನ ಅವನು ಫೋನಿನಿಂದ ಸ್ಲೇಟಿಗೆ ತುಂಬಿಸುತ್ತಿದ್ದುದು ಕಾರ್ಮಿಕರ ಸಂಘದ ಹಳೆಯ ಸ್ಮರಣ ಸಂಚಿಕೆ. ಒಂದೊಂದೇ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿಸಿದ್ದ. ಅದರಲ್ಲಿ ಅವನದೂ ಒಂದು ಬರಹವಿತ್ತು, ಒಂದೂವರೆ ಪುಟ. ಕೇಬಲ್ ಹಾಕಿದರೆ ಫೋನಿನೊಳಗೆ ಸ್ಲೇಟು ಒಂದು ಪೆಟ್ಟಿಗೆಯ ಹಾಗೆ ಕಾಣುತ್ತದೆ, ಅದರೊಳಗೆ ಡಾಕ್ಯುಮೆಂಟ್ಸ್ ಎಂಬ ಇನ್ನೊಂದು ಪೆಟ್ಟಿಗೆ, ಅಲ್ಲಿಗೆ ಕಾಪಿ ಮಾಡಬೇಕು. ಅವನು ಮಾಡುವಾಗ ಕೇಬಲ್ ಅಲುಗುತ್ತಿತ್ತು, ಪೆಟ್ಟಿಗೆ ಮಾಯವಾಗುತ್ತಿತ್ತು. ಮತ್ತೆ ಮೊದಲಿನಿಂದ.

"ಮೇಲ್ ಮಾಡಿದ್ರೆ ಆಗ್ತಿರ್ಲಿಲ್ವಾ? ನಾನು ದಿನಾ ಚೀಟಿ ಕಳಿಸಲ್ವಾ ನಿಮಗೆ?" ಎಂದಳು ಹುಲಿಗೆಮ್ಮ.

"ಇದು ಭಾರಿ ದೊಡ್ಡ ಫೈಲು ಮಾರಾಯ್ತಿ. ನಿನ್ನ ಸಾಸಿವೆ ಜೀರಿಗೆ ಅಲ್ಲ."

ಚೀಟಿ ಎಂದರೆ ಅಂಗಡಿ ಚೀಟಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹುಲಿಗೆಮ್ಮ ಬರೆದರೆ ಅವಳಿಗೇ ಓದಲು ಬರುತ್ತಿರಲಿಲ್ಲ. ಶೇಷಪ್ಪನೇ ಕಲಿಸಿದ್ದ. ಫೋನಿಗೆ ಹೇಳು, ಅದು ಬರೆದುಕೊಳ್ಳುತ್ತದೆ. ಆಮೇಲೆ ಮೂರು ಚುಕ್ಕಿ ಒತ್ತು, ವರ್ಡ್ ಫೈಲ್ ಮಾಡು, ಜಿಮೇಲಿನಲ್ಲಿ ಸ್ಲೇಟಿನ ವಿಳಾಸಕ್ಕೆ ಕಳಿಸು. ಸ್ಲೇಟಿಗೆ ಅದರದೇ ಮೇಲ್ ವಿಳಾಸ ಇದೆ. ಯಾರ್ಯಾರ ಮೇಲ್ ಒಳಗೆ ಬಿಡಬೇಕು ಎಂಬ ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಮೂರೇ ಹೆಸರು: ಅವನದು, ಅವಳದು, ಊರೊಳಗಿನ ಹೊಸನಗರದ ಜೆರಾಕ್ಸ್ ಅಂಗಡಿಯ ಧನಲಕ್ಷ್ಮಿಯದು. ದಿನಾ ಬೆಳಿಗ್ಗೆ ಹುಲಿಗೆಮ್ಮ ಚೀಟಿ ಕಳಿಸುವುದು, ಅವನು ಅವಳದೇ ಫೋನಿನ ಹಾಟ್‌ಸ್ಪಾಟ್ ಹಾಕಿ ಸ್ಲೇಟಿಗೆ ಇಳಿಸಿಕೊಂಡು ಅಂಗಡಿಗೆ ಹೋಗುವುದು. "ಬಂದ್ರಪ್ಪ ಮೇಷ್ಟ್ರು, ಸ್ಲೇಟು ಹಿಡ್ಕೊಂಡು" ಎಂದು ಅಂಗಡಿಯವನು ಛೇಡಿಸುತ್ತಿದ್ದ.

ಸಂಜೆ ಕೊನೆಗೂ ಸಂಚಿಕೆ ಸ್ಲೇಟಿಗೆ ಹೋಯಿತು. ಊಟದ ಹೊತ್ತಿಗೆ ಶೇಷಪ್ಪ ಧನಲಕ್ಷ್ಮಿ ಮೇಲ್ ಮಾಡಿದ್ದ ಪತ್ತೇದಾರಿ ಕಾದಂಬರಿ ತೆಗೆದು ಕೂತ.

"ಮೂವತ್ತೆರಡು ಪರ್ಸೆಂಟಿಗೆ ಬಂದೆ. ಕೊಲೆ ಮಾಡಿದ್ದು ಅಡಿಗೆಯವನೇ, ಬರ್ಕೋ ಬೇಕಾದ್ರೆ."

"ನಲ್ಲಿ ರಿಪೇರಿ ಎಷ್ಟು ಪರ್ಸೆಂಟಿಗೆ ಬಂತು?"

ಅವನು ನಕ್ಕ. ಅವಳು ನಗಲಿಲ್ಲ. ಅದು ಕಡೆಯ ಸಾಧಾರಣ ದಿನ.

ಗುರುವಾರ ಬೆಳಿಗ್ಗೆ ಕಣ್ಣಿನ ಡಾಕ್ಟರಿಗೆ ತೋರಿಸಲು ಅವನು ಶಿವಮೊಗ್ಗಕ್ಕೆ ಹೊರಟ. ಸ್ಲೇಟನ್ನು ಕೈಚೀಲಕ್ಕೆ ಹಾಕುತ್ತಿದ್ದ. ರಾತ್ರಿಯಿಡೀ ತೊಟ್ಟಿಕ್ಕಿದ ನಲ್ಲಿ ಹುಲಿಗೆಮ್ಮನ ತಲೆಯೊಳಗೆ ಇನ್ನೂ ತೊಟ್ಟಿಕ್ಕುತ್ತಿತ್ತು.

"ಅದನ್ನೇ ಕಟ್ಕೊಂಡು ಹೋಗಿ. ಅದರ ಜೊತೆನೇ ಇದ್ಬಿಡಿ. ಮನೆಗೆ ಬರ್ಲೇಬೇಡಿ."

ಶೇಷಪ್ಪ ಸ್ಲೇಟನ್ನು ಚೀಲದಿಂದ ತೆಗೆದ. ದೇವರ ಗೂಡಿನ ಪಕ್ಕ ಇಟ್ಟ. ಫೋನು ಮಾತ್ರ ಜೇಬಿಗೆ ಹಾಕಿಕೊಂಡು ಹೋದ.

ಅವನು ಹೋಗಿ ಒಂದು ಗಂಟೆಯಾಯಿತು. ಅವಳ ಕೋಪ ಇಳಿಯಿತು. ಫೋನ್ ಮಾಡಿ ಹೇಳಲು ಬಾಯಿ ಬರಲಿಲ್ಲ. ಚೀಟಿಯಲ್ಲಾದರೆ ಸಾಸಿವೆಯ ಕೆಳಗೆ ಹಾಕಿಬಿಡಬಹುದು. ಹೇಳಿದಳು, ಫೋನು ಬರೆದುಕೊಂಡಿತು. ಹುಣಸೆಹಣ್ಣು. ಸಾಸಿವೆ. ನಲ್ಲಿಗೆ ವಾಷರ್. ಅದರ ಕೆಳಗೆ: ಬೆಳಿಗ್ಗೆ ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡಿ. ಹುರುಳಿ ಸಾರು ಮಾಡಿರ್ತೀನಿ. ಬಿಸಿ ಆರೋದ್ರೊಳಗೆ ಬನ್ನಿ.

ಕಳಿಸಿದಳು. ಸ್ಲೇಟು ಮನೆಯಲ್ಲೇ ಇದೆ ಎನ್ನುವುದು ಕಳಿಸಿದ ಮೇಲೆ ನೆನಪಾಯಿತು. ಪರವಾಗಿಲ್ಲ, ಮೇಲ್‌ನಲ್ಲಿ ಹೋದದ್ದು ಅವನ ಫೋನಿನ ಕಿಂಡಲ್ ಆಪ್‌ನಲ್ಲೂ ಕಾಣುತ್ತದೆ. ಆದರೆ ಫೋನಿನಲ್ಲಿ ಅವನಿಗೆ ಓದಲಾಗುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಶಿವಮೊಗ್ಗದಿಂದ ಪೊಲೀಸಿನವರ ಫೋನ್ ಬಂತು. ಬಸ್‌ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ಹಾಗೇ ಹೋಗಿದ್ದ. ಎರಡು ತಾಸು ಯಾರಿಗೂ ಗೊತ್ತಾಗಿರಲಿಲ್ಲವಂತೆ. ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡರಂತೆ. ಜೇಬಿನಲ್ಲಿದ್ದ ಆಸ್ಪತ್ರೆಯ ಕಾರ್ಡಿನಲ್ಲಿ ಅವಳ ನಂಬರ್ ಸಿಕ್ಕಿತ್ತು. ದುಡ್ಡು ಇತ್ತು, ಕನ್ನಡಕ ಇತ್ತು, ಮೂಸಂಬಿ ಎರಡು ಇದ್ದವು. ಫೋನು ಇರಲಿಲ್ಲ.

ಹುರುಳಿ ಸಾರು ಒಲೆಯ ಮೇಲೇ ಆರಿತು.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ನೆಂಟರು ಹೊರಟುಹೋದರು. ಹನ್ನೆರಡನೇ ದಿನ ಬೆಳಿಗ್ಗೆ ಆರು ಗಂಟೆಗೆ ಅಭ್ಯಾಸದ ಮೇಲೆ ಹುಲಿಗೆಮ್ಮನ ಕೈ ಫೋನಿಗೆ ಹೋಯಿತು. ಹೇಳಲು ಚೀಟಿ ಇರಲಿಲ್ಲ. ಹಾಟ್‌ಸ್ಪಾಟ್ ಮಾತ್ರ ಒತ್ತಿದಳು. ದೇವರ ಗೂಡಿನ ಪಕ್ಕದಿಂದ ಸ್ಲೇಟನ್ನು ತೆಗೆದು, ಚಾರ್ಜಿಗೆ ಹಾಕಿ, ಕಾದಂಬರಿ ತೆರೆದಳು. ಅವನು ನಿಲ್ಲಿಸಿದ ಪುಟ ನೋಡಬೇಕು ಅನ್ನಿಸಿತ್ತು.

ಪುಟ ಬಂತು. ಮೂವತ್ತೆರಡು. ಆಮೇಲೆ ಪುಟದ ಮೇಲೆ ಒಂದು ಚೌಕ ಬಂತು, ಇಂಗ್ಲಿಷಿನಲ್ಲಿ. ಹುಲಿಗೆಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ನಡುವೆ ಒಂದು ಪದ ಗುರುತು ಸಿಕ್ಕಿತು. ಪಿಂಚಣಿ ಪುಸ್ತಕದ ಮೇಲೆ ಅದೇ ಅಕ್ಷರಗಳಿದ್ದವು. ಶೇಷಪ್ಪ.

ಬಲಗಡೆಯ ಗುಂಡಿ ಒತ್ತಿದಳು. ಪುಟ ತಾನೇ ಹಾರಿತು. ಮೂಲೆಯಲ್ಲಿ ಅರವತ್ತೊಂದು.

ಸ್ಲೇಟನ್ನು ನೆಲದ ಮೇಲೆ ಬೋರಲು ಹಾಕಿದಳು. ಬಚ್ಚಲ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿದಳು. ಚೌಕ, ಅದೇ ಹೆಸರು. ಅರವತ್ತನಾಲ್ಕು. ಅದರ ಮಾರನೆಯ ದಿನ ಅರವತ್ತೆಂಟು. ದಿನಕ್ಕೆ ಮೂರೋ ನಾಲ್ಕೋ. ಶೇಷಪ್ಪ ಓದುತ್ತಿದ್ದುದೂ ಅಷ್ಟೇ.

ಅವಳು ಯಾರಿಗೂ ಹೇಳಲಿಲ್ಲ. ಹೆದರಿಕೆ ಇತ್ತು. ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು, ಅದು ಹೆದರಿಕೆಗಿಂತ ಕೆಟ್ಟದ್ದು. ಬೆಳಿಗ್ಗೆ ಆರಾಗುವುದನ್ನೇ ಕಾಯುತ್ತಿದ್ದಳು. ಮೂರನೆಯ ದಿನ ಎರಡು ಲೋಟ ಕಾಫಿ ಸೋಸಿದ್ದಳು, ಗೊತ್ತಿಲ್ಲದೆ.

ಆ ಮಧ್ಯಾಹ್ನ ಅವಳಿಗೆ ಸ್ಮರಣ ಸಂಚಿಕೆಯ ನೆನಪಾಯಿತು. ಅವನು ಓದುವುದಾದರೆ ಮೊದಲು ಅದನ್ನೇ ಓದಬೇಕು. ಬುಧವಾರ ಇಡೀ ದಿನ ಅದಕ್ಕೇ ಕೂತಿದ್ದ, ಅವನ ಹೆಸರಿದ್ದ ಪುಸ್ತಕ ಅದು. ತೆರೆದು ನೋಡಿದಳು. ಮೊದಲ ಪುಟ. ಚೌಕ ಬರಲಿಲ್ಲ. ಮರುದಿನವೂ ಮೊದಲ ಪುಟವೇ. ಸ್ಲೇಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸನಗರಕ್ಕೆ ನಡೆದಳು.

ಧನಲಕ್ಷ್ಮಿ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ಗಟ್ಟಿ ಬಾಯಿಯ ಹೆಂಗಸು. ಶೇಷಪ್ಪನಿಗೆ ಅಕೌಂಟು ಮಾಡಿಕೊಟ್ಟವಳೂ ಅವಳೇ. ಹುಲಿಗೆಮ್ಮ ಹೇಳಿದ್ದನ್ನು ಪೂರ್ತಿ ಕೇಳಿದಳು.

"ಹುಲಿಗೆಮ್ಮಕ್ಕ, ಸತ್ತೋರು ವೈಫೈ ಹಾಕ್ಕೊಂಡು ಓದಲ್ಲ" ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ತಪ್ಪು ತಿಳ್ಕೋಬೇಡಿ. ಕೂತ್ಕೊಳ್ಳಿ."

"ನಂಗೂ ಹಂಗೇ ಅನ್ನಿಸ್ತು. ಅವ್ರೇ ಆಗಿದ್ರೆ ಸಂಘದ ಪುಸ್ತಕ ಬಿಡ್ತಿರ್ಲಿಲ್ಲ."

"ಅದನ್ನ ಕೇಬಲ್‌ನಲ್ಲಿ ಹಾಕಿದ್ರಲ್ವಾ?"

"ಹೂಂ."

"ಸರಿ ಹೋಯ್ತು. ಕೇಬಲ್‌ನಲ್ಲಿ ಹಾಕಿದ್ದು ಆ ಸ್ಲೇಟಿನೊಳಗೆ ಮಾತ್ರ ಇರುತ್ತೆ ಅಕ್ಕಾ. ಹೊರಗೆ ಯಾರಿಗೂ ಗೊತ್ತಾಗಲ್ಲ. ಮೇಲ್ ಮಾಡಿದ್ದು ಕಂಪನಿಯ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಸ್ಲೇಟಿಗೂ ಬರುತ್ತೆ, ಫೋನಿನ ಆಪ್‌ಗೂ ಬರುತ್ತೆ. ಒಂದರಲ್ಲಿ ಎಷ್ಟು ಓದಿದ್ರಿ ಅಂತ ಇನ್ನೊಂದಕ್ಕೆ ಹೇಳುತ್ತೆ." ಅವಳು ದನಿ ತಗ್ಗಿಸಿದಳು. "ಅಣ್ಣನ ಫೋನು ಯಾರದ್ದೋ ಕೈಯಲ್ಲಿದೆ. ಅವರು ಅದೇ ಪುಸ್ತಕ ಓದ್ತಾ ಇದಾರೆ. ಚೌಕದಲ್ಲಿ ಬರೋದು ಫೋನಿಗಿಟ್ಟ ಅಣ್ಣನ ಹೆಸರು."

"ಸಿಮ್ ನಿಲ್ಸಿದೀವಲ್ಲ?"

"ಸಿಮ್ ಕಿತ್ತು ಬಿಸಾಕಿದ್ರೂ ವೈಫೈ ಸಿಕ್ಕಿದ್ರೆ ಸಾಕು. ಫೋನಿಗೆ ಲಾಕ್ ಬೇರೆ ಇರ್ಲಿಲ್ಲ. ನಾನು ಬಡ್ಕೊಂಡೆ, ಹಾಕಿ ಅಂತ. ಕಣ್ಣು ಕಾಣಲ್ಲ, ಗೆರೆ ಎಳೆಯೋಕಾಗಲ್ಲ ಅಂದ್ರು."

ಧನಲಕ್ಷ್ಮಿ ಕಂಪ್ಯೂಟರಿನಲ್ಲಿ ಅಕೌಂಟು ತೆರೆದಳು. ಎರಡು ಸಾಲು ಬಂತು. ಒಂದು ಸ್ಲೇಟು, ಒಂದು ಫೋನು.

"ಇಲ್ಲಿ ಒತ್ತಿದ್ರೆ ಆ ಫೋನಿಂದ ಅಕೌಂಟು ಕಿತ್ತು ಹೋಗುತ್ತೆ. ಕಳ್ಳನಿಗೆ ಒಂದು ಅಕ್ಷರ ಕಾಣಲ್ಲ. ಆಮೇಲೆ ಪೊಲೀಸಿಗೆ ಕಂಪ್ಲೇಂಟ್ ಕೊಡೋಣ, ಫೋನು ಎಲ್ಲಿದೆ ಅಂತ ಹುಡುಕ್ತಾರೆ. ಒತ್ತಲಾ?"

ಹುಲಿಗೆಮ್ಮ ಅವಳ ಕೈ ಹಿಡಿದಳು.

"ಬೇಡ."

"ಯಾಕಕ್ಕಾ?"

"ಫೋನು ತಗೊಂಡೋರು ಅವ್ರ ಪಕ್ಕ ಇದ್ದಿರ್ಬೇಕು. ಕಡೇ ಹೊತ್ತಲ್ಲಿ. ನಾನು ಕಳಿಸಿದ್ದು ಅವ್ರು ಓದಿದ್ರಾ ಇಲ್ವಾ, ಆ ತಗೊಂಡೋರಿಗೊಬ್ರಿಗೇ ಗೊತ್ತು. ಪೊಲೀಸಿನೋರು ಹಿಡಿದ್ರೆ ಹೆದ್ರಿಕೊಂಡು ಸುಳ್ಳು ಹೇಳ್ತಾರೆ."

ಧನಲಕ್ಷ್ಮಿ ಚೀಟಿಯ ಕತೆ ಕೇಳಿದಳು. ಬರಬೇಡಿ ಎಂದದ್ದು, ಆಮೇಲೆ ಬನ್ನಿ ಎಂದು ಬರೆಸಿದ್ದು. ಅವನು ಸ್ಲೇಟು ಬಿಟ್ಟು ಹೋದದ್ದು. ಕೇಳಿ ಮೌಸ್‌ನಿಂದ ಕೈ ತೆಗೆದಳು.

"ಹಂಗಾದ್ರೆ ಅವರಿಗೇ ಚೀಟಿ ಕಳಿಸಿ" ಎಂದಳು. "ನೀವು ಸ್ಲೇಟಿಗೆ ಕಳಿಸಿದ್ದೆಲ್ಲ ಆ ಫೋನಲ್ಲೂ ಕಾಣುತ್ತೆ. ಉತ್ತರ ಬೇಕಿದ್ರೆ ಗೆರೆ ಎಳೀರಿ ಅಂತ ಹೇಳಿ. ಸಾಲಿನ ಮೇಲೆ ಬೆರಳು ಒತ್ತಿ ಎಳೆದ್ರೆ ಫೋನಲ್ಲಿ ಬಣ್ಣ ಬರುತ್ತೆ. ನಿಮ್ಮ ಸ್ಲೇಟಲ್ಲಿ ಬೂದು ಬಣ್ಣ ಕಾಣುತ್ತೆ."

ಮಾರನೆಯ ಬೆಳಿಗ್ಗೆ ಹುಲಿಗೆಮ್ಮ ಫೋನಿಗೆ ಹೇಳಿದಳು.

ನಾನು ಈ ಫೋನಿನವರ ಹೆಂಡತಿ. ಫೋನು ಬೇಡ. ಪೊಲೀಸು ಬರಲ್ಲ. ಅವರು ಹೋಗುವಾಗ ನೀವು ಹತ್ತಿರ ಇದ್ರಾ? ಕೆಳಗೆ ಎರಡು ಸಾಲಿದೆ. ಒಂದರ ಮೇಲೆ ಬೆರಳು ಒತ್ತಿ ಎಳೀರಿ.

ಇದ್ದೆ.

ಇರಲಿಲ್ಲ.

ಫೈಲಿಗೆ ಹೆಸರು ಕೊಡಬೇಕಿತ್ತು. "ಕೈ ಮುಗಿಯುತ್ತೇನೆ" ಎಂದು ಕೊಟ್ಟಳು. ಕಳಿಸಿದಳು.

ಮರುದಿನ ಏನೂ ಇರಲಿಲ್ಲ. ಗೆರೆಯಿಲ್ಲ. ಕಾದಂಬರಿಯೂ ಎಪ್ಪತ್ತೊಂದಕ್ಕೆ ನಿಂತಿತ್ತು. ಅದರ ಮರುದಿನವೂ ಎಪ್ಪತ್ತೊಂದು. ಹೆದರಿ ಫೋನನ್ನು ಬಾವಿಗೆ ಎಸೆದಿರಬಹುದು. ಮಾರಿರಬಹುದು. ಆ ಎರಡು ದಿನ ಹುಲಿಗೆಮ್ಮನಿಗೆ ಗಂಡ ಎರಡನೇ ಸಲ ಸತ್ತ ಹಾಗಾಯಿತು. ಸುಮ್ಮನೆ ಓದಿಕೊಂಡಿರಲಿ ಎಂದು ಬಿಡಬೇಕಿತ್ತು, ಮಾತಾಡಿಸಬಾರದಿತ್ತು ಎಂದು ತನ್ನನ್ನೇ ಬೈದುಕೊಂಡಳು. ನನ್ನ ಬಾಯಿಂದಲೇ ಎಲ್ಲ ಹಾಳು.

ಅದರ ಮಾರನೆಯ ಬೆಳಿಗ್ಗೆ ಹಾಟ್‌ಸ್ಪಾಟ್ ಒತ್ತಿದಳು. ಚೀಟಿ ತೆರೆದಳು. ಬಿಳಿ ಪುಟದಲ್ಲಿ ಒಂದು ಪದ ಬೂದಿ ಬಳಿದ ಹಾಗಿತ್ತು.

ಇದ್ದೆ.

ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದಳು. ಹಾಕಿತ್ತು. ಯಾರೋ ಒಬ್ಬರು, ಗಂಡೋ ಹೆಣ್ಣೋ, ಎಲ್ಲೋ ಕೂತು ಅವಳ ಮಾತಿನ ಮೇಲೆ ಬೆರಳು ಇಟ್ಟಿದ್ದರು. ಆ ಬೆರಳು ಗಂಡನ ಜೇಬಿಗೂ ಹೋಗಿರಬಹುದು.

ಇನ್ನೊಂದು ಚೀಟಿ ಹೇಳಿದಳು. ಗುರುವಾರ ಬೆಳಿಗ್ಗೆ ಒಂದು ಚೀಟಿ ಕಳಿಸಿದ್ದೆ. ಹುಣಸೆಹಣ್ಣು, ಸಾಸಿವೆ ಅಂತ ಶುರುವಾಗುತ್ತೆ. ಅದರ ಕೊನೇ ಸಾಲು ಅವರು ಓದಿದರಾ?

ಓದಿದರು.

ಓದಲಿಲ್ಲ.

ಮರುದಿನ ಎರಡು ಸಾಲಿನ ಮೇಲೂ ಗೆರೆಯಿರಲಿಲ್ಲ. ಕಾದಂಬರಿ ಮಾತ್ರ ಎಪ್ಪತ್ನಾಲ್ಕಕ್ಕೆ ಹೋಗಿತ್ತು. ಓದುತ್ತಾರೆ, ಹೇಳುವುದಿಲ್ಲ. ಹುಲಿಗೆಮ್ಮನಿಗೆ ರೇಗಿತು. ಧನಲಕ್ಷ್ಮಿಗೆ ಫೋನ್ ಮಾಡಿದಳು.

"ಒತ್ತಿಬಿಡು ಕಣೇ. ಕಿತ್ತು ಹೋಗ್ಲಿ. ಆಟ ಆಡಿಸ್ತಾರೆ."

"ಒತ್ತಿದ್ರೆ ಮತ್ತೆ ಕೇಳೋಕಾಗಲ್ಲ ಅಕ್ಕಾ. ಹಳೇ ಚೀಟಿ ನೋಡಿದ್ರಾ? ಗುರುವಾರದ್ದು? ಪ್ರಶ್ನೆ ಕೇಳಿದ್ದು ಅದರ ಬಗ್ಗೆ ತಾನೇ."

ಗುರುವಾರದ ಚೀಟಿಯನ್ನು ಹುಲಿಗೆಮ್ಮ ಅದುವರೆಗೆ ತೆರೆದಿರಲಿಲ್ಲ. ಆ ಚೀಟಿ ಸ್ಲೇಟಿನಲ್ಲಿ ಹೊಸ ಚೀಟಿಗಳ ಕೆಳಗಿತ್ತು. ನೋಡಲು ಧೈರ್ಯ ಇರಲಿಲ್ಲ. ಈಗ ತೆರೆದಳು.

ಹುಣಸೆಹಣ್ಣಿನ ಮೇಲೆ ಬೂದು. ಸಾಸಿವೆಯ ಮೇಲೆ ಬೂದು. ನಲ್ಲಿಗೆ ವಾಷರ್, ಬೂದು. ಬೆಳಿಗ್ಗೆ ಅಂದಿದ್ದು ಮನಸ್ಸಲ್ಲಿ ಇಟ್ಕೋಬೇಡಿ. ಹುರುಳಿ ಸಾರು ಮಾಡಿರ್ತೀನಿ. ಒಂದೊಂದೂ ಬೇರೆ ಬೇರೆ ಎಳೆದಿತ್ತು, ಬೆರಳಿಟ್ಟು ಸಾಲು ಸಾಲಾಗಿ ಓದಿದ ಹಾಗೆ. ಕಡೆಗೆ, ಬಿಸಿ ಆರೋದ್ರೊಳಗೆ ಬನ್ನಿ. ಅದರ ತುದಿಯಲ್ಲಿ ಸಣ್ಣದೊಂದು ಅಂಕಿ ಇತ್ತು, ನೊಣ ಕೂತ ಹಾಗೆ.

ಅದನ್ನು ಮುಟ್ಟಿದಳು. ಒಂದು ಚೌಕ ತೆರೆಯಿತು. ಕನ್ನಡದಲ್ಲಿತ್ತು. ಅಲ್ಲಲ್ಲಿ ಅಕ್ಷರ ತಪ್ಪಿತ್ತು. ಬರೆದವರು ತನ್ನಷ್ಟೇ ಓದಿದವರು ಎಂದು ಅವಳಿಗೆ ಅನ್ನಿಸಿತು. ಬೆರಳಿಟ್ಟುಕೊಂಡು ಕೂಡಿಸಿ ಕೂಡಿಸಿ ಓದಿದಳು.

"ಕಣ್ಣು ಕಾಣಲ್ಲ ಓದಿ ಅಂತ ಫೋನು ಕೊಟ್ರು. ನಾನೇ ಓದಿ ಹೇಳ್ದೆ. ಕೊನೇದು ಇನ್ನೊಂದ್ಸಲ ಓದಿ ಅಂದ್ರು. ಓದ್ದೆ. ನಕ್ರು. ಆಮೇಲೆ ಮಾತಾಡ್ಲಿಲ್ಲ. ಹೆದ್ರಿಕೆ ಆಯ್ತು ಎದ್ದು ಬಂದೆ. ಫೋನು ಕೈಯಲ್ಲೇ ಇತ್ತು."

ಹುಲಿಗೆಮ್ಮ ಅದನ್ನು ಎಷ್ಟು ಸಲ ಓದಿದಳೋ. ಬಿಸಿಲು ಹೊಸಿಲು ದಾಟಿ ಒಳಗೆ ಬಂದಿತ್ತು. ಅವಳಿಗೆ ಅಳು ಬರಲಿಲ್ಲ. ನಕ್ಕ ಮುಖ ಕಾಣಿಸಿತು. ಆ ಮುಖದ ಎದುರಿಗೆ ಬಗ್ಗಿ ಕೂತು ತನ್ನ ಮಾತನ್ನು ಓದುತ್ತಿರುವ ಇನ್ನೊಬ್ಬರೂ ಕಾಣಿಸಿದರು. ಅವರಿಗೆ ಮುಖ ಇರಲಿಲ್ಲ. ತನ್ನ ಬಾಯಿಂದ ಹೋದ ಮಾತು ಆ ಬಾಯಿಂದ ಗಂಡನ ಕಿವಿಗೆ ಬಿದ್ದಿತ್ತು. ಯಾರ ದನಿಯಲ್ಲಿ ಕೇಳಿತೋ ಅವನಿಗೆ.

ಸಂಜೆ ಧನಲಕ್ಷ್ಮಿಯೇ ಮನೆಗೆ ಬಂದಳು. ಓದಿದಳು. ಕಣ್ಣೊರೆಸಿಕೊಂಡಳು.

"ಈಗ ಗೊತ್ತಾಯ್ತಲ್ಲ ಅಕ್ಕಾ. ಈಗಲಾದ್ರೂ ಆ ಫೋನನ್ನ ತೆಗೆದು ಹಾಕಲಾ? ಅಣ್ಣನ ಹೆಸರಲ್ಲಿ ಯಾರೋ ಓದ್ತಾ ಇರೋದು ಸರಿಯಲ್ಲ. ನಂಗೇ ಒಂಥರಾ ಆಗುತ್ತೆ."

"ಎಪ್ಪತ್ನಾಲ್ಕಕ್ಕೆ ಬಂದಿದೆ. ಮುಗಿಸ್ಲಿ."

"ಮುಗಿಸಿದ ಮೇಲೆ?"

ಹುಲಿಗೆಮ್ಮ ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗಿನ ಬಕೆಟ್ ಬದಲಾಯಿಸಿ ಬಂದಳು.

ಎಂಟನೆಯ ದಿನ ಬೆಳಿಗ್ಗೆ ಮೂಲೆಯಲ್ಲಿ ನೂರು ಎಂದು ಬಂತು. ಆ ಹೆಸರಿನ ಚೌಕ ಆಮೇಲೆ ಕಾದಂಬರಿಯಲ್ಲಿ ಬರಲಿಲ್ಲ. ಅವಳು ಕೊನೆಯ ಪುಟಗಳನ್ನು ತಾನೇ ಕೂಡಿಸಿ ಓದಿದಳು. ಎರಡು ದಿನ ಹಿಡಿಯಿತು. ಕೊಲೆ ಮಾಡಿದ್ದು ಅಡಿಗೆಯವನಲ್ಲ.

ವಾಷರನ್ನು ಅವಳೇ ತಂದು ಹಾಕಿದಳು. ಮನೆ ಈಗ ಪೂರ್ತಿ ಸುಮ್ಮನಿದೆ.

ಬೆಳಿಗ್ಗೆ ಆರಕ್ಕೆ ಹುಲಿಗೆಮ್ಮ ಫೋನಿಗೆ ಚೀಟಿ ಹೇಳುತ್ತಾಳೆ. ಕಾಲು ಕೇಜಿ ಬೇಳೆ, ಒಂದು ಸೋಪು, ಒಬ್ಬಳಿಗೆ ಬೇಕಾದಷ್ಟು. ಕೊನೆಗೆ ಏನು ಸಾರು ಎಂದೂ ಹೇಳುತ್ತಾಳೆ. ಬನ್ನಿ ಎಂದು ಮಾತ್ರ ಹೇಳುವುದಿಲ್ಲ. ಮೂರು ಚುಕ್ಕಿ ಒತ್ತಿ, ವರ್ಡ್ ಫೈಲ್ ಮಾಡಿ, ಸ್ಲೇಟಿನ ವಿಳಾಸಕ್ಕೆ ಕಳಿಸುತ್ತಾಳೆ. ಹಾಟ್‌ಸ್ಪಾಟ್ ಹಾಕುತ್ತಾಳೆ. ಹೊಸ ಚೀಟಿ ಇಳಿಯುವುದರೊಳಗೆ ನಿನ್ನೆಯ ಚೀಟಿ ತೆರೆದು ನೋಡುತ್ತಾಳೆ. ಸಾರಿನ ಸಾಲಿನ ಮೇಲೆ ಬೂದು ಗೆರೆ ಇರುತ್ತದೆ. ಅದನ್ನು ನೋಡಿಕೊಂಡು, ಒಲೆ ಹಚ್ಚಿ ಹಾಲಿಡುತ್ತಾಳೆ.